ಗುಣವಾಗುತ್ತದೆ ಎನ್ನದ ಹೆಸರು

ಪುಣೆಯ ಸಿಂಹಗಡ ರಸ್ತೆಯಿಂದ ಧಾಯರಿಯ ಕಡೆ ಹೊರಳುವ ಒಂದು ಗಲ್ಲಿಯಲ್ಲಿ ಹಿಟ್ಟಿನ ಗಿರಣಿಯೊಂದು ಮುಚ್ಚಿಹೋಗಿ, ಜಾಗ ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಹಿಡಿದವರು ನನ್ನ ಅಣ್ಣನ ಗೆಳೆಯನ ಹೆಂಡತಿ. ಬಾಗಲಕೋಟೆ ಕಡೆಯವರು. ನಾನು ಅವರನ್ನು ವೈನಿ ಎಂದೇ ಕರೆಯುತ್ತೇನೆ. ಎಂಬಿಬಿಎಸ್ ಮುಗಿಸಿ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಮಾಡಿದವರು. ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಓಣಿಯಲ್ಲೊಂದು ಸಣ್ಣ ದವಾಖಾನೆ ಇಡಬೇಕೆಂದು ಹೊರಟಿದ್ದರು. ಗೋಡೆಗೆ ಎರಡು ಸಲ ಬಣ್ಣ ಹೊಡೆದರೂ ಮೂಲೆಯಲ್ಲಿ ಇನ್ನೂ ಜೋಳದ ಹಿಟ್ಟಿನ ವಾಸನೆ ಇತ್ತು.

“ತಮ್ಮಾ, ನೀ ಭಾಷಾ ಓದಿದಾವ. ಒಂದು ಹೆಸರು ಹುಡುಕಿ ಕೊಡು” ಎಂದರು. “ಕೇಳಿದ ಕೂಡಲೇ ಮನಸ್ಸು ಹಗುರ ಆಗಬೇಕು. ಬಾಗಿಲಿಗೆ ಬರೋದಕ್ಕ ಹೆದರಿಕಿ ಆಗಬಾರದು. ಆದರ ನಿಮ್ಮನ್ನ ಗುಣ ಮಾಡೇಬಿಡ್ತೀವಿ ಅಂತ ಸುಳ್ಳೂ ಹೇಳಬಾರದು.”

ಹೆಸರುಗಳಿಗೇನೂ ಬರವಿರಲಿಲ್ಲ. ಅವರ ಯಜಮಾನರು ‘ಸಂಜೀವನಿ’ ಎಂದಿದ್ದರು. ಮನೆ ಮಾಲೀಕರು ‘ಶುಗರ್ ಕ್ಲಿನಿಕ್’ ಎಂದಿಟ್ಟರೆ ಮೊದಲ ದಿನದಿಂದಲೇ ಸಾಲು ಹತ್ತುತ್ತದೆ ಎಂದು ಸಲಹೆ ಕೊಟ್ಟಿದ್ದರು. ವೈನಿಗೆ ಎರಡೂ ಬೇಡವಾಗಿತ್ತು. “ಬೋರ್ಡಿನ ಮ್ಯಾಲೆ ಶುಗರ್ ಮುಕ್ತ ಅಂತ ಓದಿ ಬಂದವರು ಮೊದಲ ಮಾಡೋ ಕೆಲಸ ಏನು ಗೊತ್ತದೇನು? ಗುಳಿಗಿ ಬಿಟ್ಟು ಬಿಡೋದು. ಕೆಲವರಿಗೆ ತೂಕ ಇಳಿಸಿದರ ಗುಳಿಗಿ ಇಲ್ಲದನೂ ಶುಗರ್ ಹತೋಟಿಗೆ ಬರ್ತದ, ಖರೆ. ಆದರ ಅವರೂ ತಪಾಸಣಿ ಬಿಡೋಹಂಗಿಲ್ಲ. ಇದನ್ನೆಲ್ಲಾ ಬೋರ್ಡ್ ಹೇಳೂದಿಲ್ಲ. ಬೋರ್ಡ್ ಒಂದೇ ಶಬ್ದ ಹೇಳ್ತದ.”

ಈ ಮಾತು ನನಗೆ ಬೇಕಾದ್ದಕ್ಕಿಂತ ಹೆಚ್ಚು ತಾಗಿತು. ಅಂಥದೊಂದು ಶಬ್ದವನ್ನು ನಾನೂ ಬರೆದಿದ್ದೆ.

ಕೆಲವು ವರ್ಷಗಳ ಹಿಂದೆ ಮೊಣಕಾಲು ನೋವಿಗೆ ವ್ಯಾಯಾಮ ಹೇಳಿಕೊಡುವ ಒಂದು ಕೇಂದ್ರದ ಕರಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಮನೆಗಳಿಗೆ ಹಂಚಲು ಅವರಿಗದು ಬೇಕಿತ್ತು. ಮೂಲದಲ್ಲಿ ‘ರಿಲೀಫ್’ ಎಂದಿತ್ತು. ನೋವು ತುಸು ಇಳಿಯುವುದು ಎಂಬಷ್ಟೇ ಅದರ ಅರ್ಥ. ನಾನು ಕೈಗೆ ಸಿಕ್ಕ ಪದ ಎತ್ತಿಕೊಂಡು ‘ಮೊಣಕಾಲು ನೋವಿಗೆ ಪರಿಹಾರ’ ಎಂದು ಬರೆದೆ. ಓದಲು ಚೆನ್ನಾಗಿತ್ತು, ಯಾರೂ ಆಕ್ಷೇಪಿಸಲಿಲ್ಲ. ಎರಡು ತಿಂಗಳ ಮೇಲೆ ಆ ಕೇಂದ್ರದವರು ಬೇರೆ ಕೆಲಸಕ್ಕೆ ಫೋನು ಮಾಡಿದಾಗ ಮಾತಿಗೆ ಮಾತು ಬಂದು ಹೇಳಿದರು: ಅಕ್ಕಲಕೋಟೆ ಕಡೆಯ ಒಬ್ಬ ಅಜ್ಜ ಹೆಂಡತಿಯನ್ನು ಕರೆದುಕೊಂಡು ರೈಲು ಹತ್ತಿ ಬಂದಿದ್ದರಂತೆ. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರಂತೆ. ಸವೆದ ಕೀಲಿಗೆ ವ್ಯಾಯಾಮದಿಂದ ನೋವು ಕಡಿಮೆಯಾಗಬಹುದು, ಸವೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ ಎಂದು ಇವರು ವಿವರಿಸಿದಾಗ ಅಜ್ಜ ಆ ಕಾಗದ ಬಿಚ್ಚಿ ಬೆರಳಿಟ್ಟು ತೋರಿಸಿ, “ಇಲ್ಲಿ ಪರಿಹಾರ ಅಂತ ಬರದದಲ್ರಿ?” ಎಂದು ಕೇಳಿದರಂತೆ.

ಅಜ್ಜನ ಓದಿನಲ್ಲಿ ತಪ್ಪಿರಲಿಲ್ಲ. ಕನ್ನಡದಲ್ಲಿ ಪರಿಹಾರವೆಂದರೆ ಸಮಸ್ಯೆ ಮುಗಿದುಹೋಗುವುದು. ದೋಷ ಪರಿಹಾರ, ವ್ಯಾಜ್ಯ ಪರಿಹಾರ ಎನ್ನುತ್ತೇವೆ; ಆಮೇಲೆ ಉಳಿಯುವುದು ಏನೂ ಇಲ್ಲ. ‘ನೋವು ಕಡಿಮೆ ಮಾಡಿಕೊಳ್ಳಲು ವ್ಯಾಯಾಮ’ ಎಂದು ನಾನು ಬರೆದಿದ್ದರೆ ಅವರು ಬರುತ್ತಿದ್ದರೋ ಇಲ್ಲವೋ, ಆದರೆ ಬಂದರೆ ಗೊತ್ತಿದ್ದು ಬರುತ್ತಿದ್ದರು. ಕರಪತ್ರವನ್ನಾದರೂ ತಿದ್ದಿ ಮತ್ತೆ ಅಚ್ಚು ಹಾಕಿಸಬಹುದು. ಬೋರ್ಡು ಹಾಗಲ್ಲ. ಅದು ಹತ್ತಿಪ್ಪತ್ತು ವರ್ಷ ಅದೇ ಗೋಡೆಯ ಮೇಲಿರುತ್ತದೆ, ವೈದ್ಯರು ಒಳಗೆ ಏನೇ ಹೇಳಿದರೂ ಹೊರಗೆ ತನ್ನ ಮಾತನ್ನೇ ಹೇಳುತ್ತಿರುತ್ತದೆ.

ಆದ್ದರಿಂದ ಮೊದಲು ಕಾನೂನು ಏನನ್ನುತ್ತದೆ ಎಂದು ನೋಡಿದೆವು. ವೈದ್ಯರ ವೃತ್ತಿನೀತಿಯ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ತಂದ ನಿಯಮಾವಳಿ ಇದೆ. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಪ್ರಕಟವಾಗಿ, ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟಿದ್ದರಿಂದ ಹಳೆಯದೇ ಮತ್ತೆ ಚಾಲ್ತಿಗೆ ಬಂತು. ಬೋರ್ಡಿನ ವಿಷಯದಲ್ಲಿ ಅದು ಬಿಗಿ. ಬೋರ್ಡು ವಿಪರೀತ ದೊಡ್ಡದಿರಬಾರದು. ಅದರ ಮೇಲೆ ವೈದ್ಯರ ಹೆಸರು, ವಿಶ್ವವಿದ್ಯಾಲಯ ಅಥವಾ ಶಾಸನಬದ್ಧ ಸಂಸ್ಥೆ ಕೊಟ್ಟ ಪದವಿ, ವಿಶೇಷ ಪರಿಣತಿ, ರಾಜ್ಯ ವೈದ್ಯಕೀಯ ಪರಿಷತ್ತಿನ ಹೆಸರು ಮತ್ತು ನೋಂದಣಿ ಸಂಖ್ಯೆ, ಇಷ್ಟೇ ಇರಬೇಕು. ಒಂದು ವಿಷಯದಲ್ಲಿ ವಿಶೇಷ ಪದವಿ ಇಲ್ಲದೆ ಅದರ ತಜ್ಞರೆಂದು ಹೇಳಿಕೊಳ್ಳುವಂತಿಲ್ಲ. ಮಾಲೀಕರ ‘ಶುಗರ್ ಕ್ಲಿನಿಕ್’ ಅಲ್ಲಿಗೇ ಬಿದ್ದುಹೋಯಿತು. ಪಟ್ಟಿಯನ್ನು ಅಕ್ಷರಶಃ ಓದಿದರೆ ದವಾಖಾನೆಗೊಂದು ಅಂದದ ಹೆಸರಿಗೆ ಜಾಗವೇ ಇಲ್ಲ. ಆದರೆ ಪೇಟೆಯಲ್ಲಿ ಎಲ್ಲರೂ ಹೆಸರು ಇಡುತ್ತಾರೆ, ಜನ ಗುರುತು ಹೇಳುವುದೂ ಅದರಿಂದಲೇ. ಹೆಸರು ಗುರುತಾಗಿರಲಿ, ಜಾಹೀರಾತು ಆಗದಿರಲಿ ಎಂಬುದನ್ನು ನಾವು ಅದರಿಂದ ತೆಗೆದುಕೊಂಡೆವು.

ಇನ್ನೊಂದು ಕಾಯ್ದೆ ನನಗೆ ಹೆಚ್ಚು ಕೆಲಸಕ್ಕೆ ಬಂತು. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಅದರ ಅನುಬಂಧದಲ್ಲಿ 54 ರೋಗಗಳ ಪಟ್ಟಿ ಇದೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಕ್ಯಾನ್ಸರ್, ಮೂರ್ಛೆರೋಗ ಎಲ್ಲ ಅದರಲ್ಲಿ ಬರುತ್ತವೆ. ಇವುಗಳನ್ನು ಗುಣಪಡಿಸುತ್ತದೆ ಎಂದು ಯಾವ ಔಷಧವನ್ನೂ ಜಾಹೀರು ಮಾಡುವಂತಿಲ್ಲ. ಆದರೆ ಅದೇ ಕಾಯ್ದೆ ಒಂದು ವಿನಾಯಿತಿ ಕೊಡುತ್ತದೆ. ನೋಂದಾಯಿತ ವೈದ್ಯರು ತಮ್ಮ ಜಾಗದಲ್ಲಿ, ಇಂಥ ರೋಗಕ್ಕೆ ಇಲ್ಲಿ ಚಿಕಿತ್ಸೆ ನಡೆಯುತ್ತದೆ ಎಂದು ಸೂಚಿಸುವ ಬೋರ್ಡು ಹಾಕಬಹುದು. ಅಂದರೆ ‘ಗುಣ’ ಬೇರೆ, ‘ಚಿಕಿತ್ಸೆ’ ಬೇರೆ ಎಂಬುದನ್ನು ಕಾನೂನು ಒಪ್ಪಿಕೊಂಡಿದೆ. ಒಂದು ಕೊನೆಗೆ ಸಿಗುವ ಫಲ, ಇನ್ನೊಂದು ನಾವು ಮಾಡುವ ಕೆಲಸ.

ಈ ಗೆರೆಯನ್ನು ಹಿಡಿದು ನಾನು ಹೆಸರುಗಳನ್ನು ವಿಂಗಡಿಸಲು ಕೂತೆ. ಎರಡು ದಿನ ಸ್ಕೂಟರಿನಲ್ಲಿ ಸುತ್ತಾಡಿ ಕಂಡ ಬೋರ್ಡುಗಳನ್ನೆಲ್ಲ ವಹಿಯಲ್ಲಿ ಬರೆದುಕೊಂಡಿದ್ದೆ. ಅವು ಮೂರು ಗುಂಪುಗಳಾಗಿ ಬಿದ್ದವು.

ಮೊದಲನೆಯ ಗುಂಪು ಫಲವನ್ನು ಹೇಳುವ ಹೆಸರುಗಳು. ಆರೋಗ್ಯ, ನಿರಾಮಯ, ಸಂಜೀವನಿ, ಜೀವನದಾನ. ಆರೋಗ್ಯವೆಂದರೆ ರೋಗವಿಲ್ಲದಿರುವಿಕೆ, ನಿರಾಮಯವೆಂದರೂ ಅದೇ. ಪ್ರಾರ್ಥನೆಯಲ್ಲಿ ‘ನಿರಾಮಯ’ ಬರುವಾಗ ಅದರ ಜೊತೆಗೆ ‘ಆಗಲಿ’ ಎಂಬ ಹಾರೈಕೆಯ ಕ್ರಿಯಾಪದ ಇರುತ್ತದೆ. ಬೋರ್ಡಿಗೆ ಏರಿದಾಗ ಆ ಕ್ರಿಯಾಪದ ಕಳಚಿ, ಹಾರೈಕೆ ಹೋಗಿ ಫಲ ಮಾತ್ರ ಉಳಿಯುತ್ತದೆ. ಸಂಜೀವನಿಯಂತೂ ಸತ್ತವರನ್ನು ಎಬ್ಬಿಸಿದ್ದು. ಇವುಗಳನ್ನು ಇಟ್ಟವರೆಲ್ಲ ಮೋಸ ಮಾಡುತ್ತಾರೆ ಎಂದಲ್ಲ. ಎಷ್ಟೋ ಕಡೆ ಬಳಸಿ ಬಳಸಿ ಅರ್ಥ ಸವೆದು ಅದು ಬರೀ ಹೆಸರಾಗಿದೆ. ಆದರೆ ಗುಣವಾಗದವನು ಬಾಗಿಲಲ್ಲಿ ನಿಂತು ತಲೆಯೆತ್ತಿ ಓದಿದರೆ ಸವೆದ ಅರ್ಥ ಮತ್ತೆ ಎದ್ದು ಬರುತ್ತದೆ. ಅಕ್ಕಲಕೋಟೆಯ ಅಜ್ಜನ ಬೆರಳನ್ನು ನೆನೆದುಕೊಂಡು ನಾನು ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡೆ: ಔಷಧ ನಾಟದ ರೋಗಿ ಈ ಹೆಸರಿನ ಮೇಲೆ ಬೆರಳಿಟ್ಟು ‘ಇಲ್ಲಿ ಹೀಗೆ ಬರೆದಿದೆಯಲ್ಲ’ ಎನ್ನಬಹುದೇ?

ಎರಡನೆಯ ಗುಂಪು ಕೆಲಸವನ್ನು ಹೇಳುವ ಹೆಸರುಗಳು. ಇಲ್ಲಿ ಭಾಷೆ ನಮಗಿಂತ ಮೊದಲೇ ಎಚ್ಚರ ವಹಿಸಿದೆ. ಸಂಸ್ಕೃತದಲ್ಲಿ ಧಾತುವಿಗೆ ‘ಸನ್’ ಎಂಬ ಪ್ರತ್ಯಯ ಹತ್ತಿಸಿ ಇಚ್ಛೆಯನ್ನು ಹೇಳುತ್ತಾರೆ. ತಿಳಿಯುವ ಇಚ್ಛೆ ಜಿಜ್ಞಾಸೆ, ಕುಡಿಯುವ ಇಚ್ಛೆ ಪಿಪಾಸೆ. ಶುಶ್ರೂಷೆ ಹುಟ್ಟಿದ್ದೂ ಹೀಗೆಯೇ, ‘ಶ್ರು’ ಎಂಬ ಕೇಳುವ ಧಾತುವಿನಿಂದ. ಅಂದರೆ ರೋಗಿಯ ಆರೈಕೆಗೆ ನಾವಿಟ್ಟ ಪದದ ಒಳಗೆ ಇರುವುದು ಕೇಳಿಸಿಕೊಳ್ಳುವ ಆಸೆ. ಚಿಕಿತ್ಸೆಯೂ ರೂಪದಲ್ಲಿ ಇದೇ ಜಾತಿಯದು. ಗಮನಿಸು, ಅರಿ ಎಂಬ ಅರ್ಥದ ಧಾತು ಅದರ ಹಿಂದಿದೆ. ಬಳಕೆಯಲ್ಲಿ ಇಚ್ಛೆಯ ಅರ್ಥ ಹೋಗಿದ್ದರೂ ರೂಪ ಉಳಿದಿದೆ. ಎರಡೂ ಪದಗಳು ಫಲದ ಬಗ್ಗೆ ಒಂದಕ್ಷರ ಆಡುವುದಿಲ್ಲ.

‘ಶುಶ್ರೂಷಾ’ ಎಂದೇ ಇಡೋಣ ಎಂದು ನಾನು ಉತ್ಸಾಹದಿಂದ ಹೋದೆ. ಮುಂಬೈಯ ದಾದರಿನಲ್ಲಿ ಆ ಹೆಸರಿನ ಸಹಕಾರಿ ಆಸ್ಪತ್ರೆಯೇ ಇದೆ. ಬೋರ್ಡ್ ಬರೆಯುವವನು ನನ್ನ ಕಾಗದ ನೋಡಿ ಮರಾಠಿಯಲ್ಲಿ ಮಾದರಿ ಬರೆದು ತೋರಿಸಿದ. ಎರಡನೆಯ ಅಕ್ಷರಕ್ಕೆ ದೀರ್ಘದ ಬದಲು ಹ್ರಸ್ವ ಹಾಕಿದ್ದ. ತಿದ್ದಿಸಿದೆ. ಆಮೇಲೆ ರಸ್ತೆಯಾಚೆ ನಿಂತು ನೋಡಿದರೆ ‘ಶ್ರೂ’ ಒಂದು ಕಪ್ಪು ಗಂಟಿನಂತೆ ಕಂಡಿತು. ವೈನಿ ಹೇಳಿದರು: “ನನ್ನ ಪೇಶಂಟು ಫೋನಿನ್ಯಾಗ ಆಟೋದವಗ ಇದನ್ನ ಹೆಂಗ ಹೇಳಬೇಕು? ಜ್ವರಾ ಬಂದಾವ ಇಷ್ಟೆಲ್ಲಾ ಉಚ್ಚಾರ ಮಾಡಬೇಕೇನು?” ಅದು ಸರಿಯೇ ಆಗಿತ್ತು. ಕಷ್ಟದಲ್ಲಿರುವವನ ಬಾಯಲ್ಲಿ ತಿರುಗದ ಹೆಸರು ಎಷ್ಟೇ ಪ್ರಾಮಾಣಿಕವಾಗಿದ್ದರೂ ನೆಮ್ಮದಿ ಕೊಡದು.

ನೆಮ್ಮದಿಯ ಮಾತು ಬಂದದ್ದರಿಂದ ನೇರ ನೆಮ್ಮದಿಯ ಪದಗಳಿಗೇ ಕೈ ಹಾಕಿದೆ. ಇಲ್ಲಿ ಕಾದಿದ್ದ ತೊಂದರೆ ಬೇರೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿ ದವಾಖಾನೆಯೂ ಸಂಸ್ಥೆಯೇ. 2022ರ ತಿದ್ದುಪಡಿಯ ಪ್ರಕಾರ ದೇವನಾಗರಿಯಲ್ಲಿ ಮರಾಠಿ ಹೆಸರು ಮೊದಲು ಬರಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು. ಆ ಗಲ್ಲಿಯಲ್ಲೋ ಮರಾಠಿಯವರ ಜೊತೆಗೆ ವಿಜಯಪುರ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದ ಕನ್ನಡದವರು, ಉತ್ತರದಿಂದ ಬಂದ ಹಿಂದಿಯವರು ಎಲ್ಲ ಇದ್ದಾರೆ. ಹಾಗಾಗಿ ಒಂದೇ ಪದ ಮೂರು ಕಿವಿಗಳಲ್ಲಿ ಹಾದು ಬರಬೇಕು.

ನನ್ನ ಮೆಚ್ಚಿನ ಪದ ‘ಸಮಾಧಾನ’. ಕನ್ನಡದಲ್ಲಿ ಅದಕ್ಕಿಂತ ತಂಪಾದ ಮಾತಿಲ್ಲ. ಅಳುವ ಮಗುವಿಗೂ ಸಿಟ್ಟಾದ ಗಂಡನಿಗೂ ಒಂದೇ ಸಮಾಧಾನ. ಮರಾಠಿಯಲ್ಲಿ ಅದು ತೃಪ್ತಿಯ ಕಡೆ ವಾಲುತ್ತದೆ. ಗಿರಾಕಿಯ ಸಮಾಧಾನವೇ ನಮ್ಮ ಧ್ಯೇಯ ಎಂದು ಅಂಗಡಿಯವರು ಬರೆಯುವ ಪದ. ಅದನ್ನಾದರೂ ಸಹಿಸಬಹುದಿತ್ತು. ಎದುರಿನ ಅಪಾರ್ಟ್‌ಮೆಂಟಿನ ಕಾವಲುಗಾರ, ಬಿಹಾರದವನು, ಹೆಸರು ಕೇಳಿ ನಾಚಿಕೊಂಡು ನಕ್ಕ. ಹಿಂದಿಯಲ್ಲಿ ಸಮಾಧಾನವೆಂದರೆ ಸಮಸ್ಯೆಯ ಪರಿಹಾರ. ರೈಲ್ವೆ ಹಳಿಯ ಪಕ್ಕದ ಗೋಡೆಗಳ ಮೇಲೆ ಗುಪ್ತರೋಗಕ್ಕೆ ಖಾತ್ರಿ ಔಷಧ ಕೊಡುವವರು ಬರೆಸುವಂಥ ಪದ ಅವನ ಕಿವಿಗೆ ಅದು. ನಾನು ಯಾವ ‘ಪರಿಹಾರ’ದಿಂದ ತಪ್ಪಿಸಿಕೊಂಡು ಓಡುತ್ತಿದ್ದೆನೋ ಅದೇ ಬೇರೆ ಅಂಗಿ ತೊಟ್ಟು ಎದುರಿಗೆ ನಿಂತಿತ್ತು.

‘ಸಾಂತ್ವನ’ ಮರಾಠಿಯ ಕಿವಿಗೆ ಸಾವಿನ ಮನೆಗೆ ಹೋಗಿ ಆಡುವ ಮಾತು. ‘ಶಾಂತಿ’ಯೂ ಸತ್ತವರ ಆತ್ಮಕ್ಕೇ ಹೆಚ್ಚಾಗಿ ಸಲ್ಲುತ್ತದೆ. ‘ಆರಾಮ’ ನಮ್ಮ ಕಡೆಯವರಿಗೆ ಆರೋಗ್ಯವೇ, ‘ಆರಾಮದೀರಿ?’ ಎಂದೇ ನಾವು ಕುಶಲ ಕೇಳುವುದು, ‘ಆರಾಮಿಲ್ಲ’ ಎಂದರೆ ಕಾಯಿಲೆ. ಆದರೆ ಪುಣೆಯಲ್ಲಿ ಅದನ್ನು ಬೋರ್ಡಿಗೆ ಹಾಕಿದರೆ ವಸತಿಗೃಹ ಅಥವಾ ಗಾದಿ ಅಂಗಡಿ ಎಂದುಕೊಳ್ಳುತ್ತಾರೆ. ‘ವಿಶ್ವಾಸ’ ಎಂದಿಡೋಣವೆಂದು ವೈನಿಯ ಯಜಮಾನರು ಹೇಳಿದರು. ಅದಕ್ಕೆ ಅರ್ಥದ ತೊಡಕಿಲ್ಲ, ಮರ್ಯಾದೆಯ ತೊಡಕಿದೆ. ನಂಬಿಕೆ ಬಂದವರು ಕೊಡಬೇಕಾದದ್ದು, ಬಾಗಿಲ ಮೇಲೆ ನಾವೇ ಬರೆದುಕೊಳ್ಳುವಂಥದ್ದಲ್ಲ. ತಕ್ಕಡಿಯ ಮೇಲೆ ‘ಪ್ರಾಮಾಣಿಕ’ ಎಂದು ಬರೆದ ಅಂಗಡಿಯಲ್ಲಿ ನಾವು ತೂಕವನ್ನು ಎರಡು ಸಲ ನೋಡುತ್ತೇವೆ.

ಉಳಿದದ್ದು ಮೂರನೆಯ ಗುಂಪು: ಯಾರು, ಎಲ್ಲಿ ಎಂದಷ್ಟೇ ಹೇಳುವ ಹೆಸರುಗಳು. ಯೋಚಿಸಿದರೆ ಪುಣೆಯ ಹಳೆಯ, ಜನ ನಂಬುವ ಆಸ್ಪತ್ರೆಗಳ ಹೆಸರೆಲ್ಲ ಇಂಥವೇ. 1867ರ ಸಸೂನ್ ಆಸ್ಪತ್ರೆಗೆ ದಾನ ಕೊಟ್ಟವರ ಹೆಸರು. ಕೆಇಎಂಗೆ ಏಳನೆಯ ಎಡ್ವರ್ಡ್ ದೊರೆಯ ಸ್ಮರಣೆ. ರೂಬಿ ಹಾಲ್ ಕ್ಲಿನಿಕ್ ಹಳೆಯ ಬಂಗಲೆಯೊಂದರ ಹೆಸರನ್ನೇ ಉಳಿಸಿಕೊಂಡಿದೆ. ಇವುಗಳಲ್ಲಿ ಯಾವುದೂ ಏನನ್ನೂ ಮಾತು ಕೊಡುವುದಿಲ್ಲ. ನಂಬಿಕೆ ಪದದಿಂದ ಬಂದದ್ದಲ್ಲ, ಒಳಗೆ ಹೋಗಿ ಹೊರಗೆ ಬಂದವರಿಂದ ಬಂದದ್ದು. ನಮ್ಮ ‘ದವಾಖಾನೆ’ಯೂ ಈ ಗುಂಪಿನದೇ. ದವಾ ಎಂದರೆ ಔಷಧ, ಖಾನಾ ಎಂದರೆ ಜಾಗ. ಔಷಧ ಸಿಗುವ ಜಾಗ, ಅಷ್ಟೇ. ಮರಾಠಿ, ಹಿಂದಿ, ಉತ್ತರ ಕರ್ನಾಟಕದ ಕನ್ನಡ, ಮೂರರಲ್ಲೂ ಅದು ಒಂದೇ. ಹಿಂದೆ ಬರುವ ಪದ ಅದೇ ಇರಲಿ ಎಂದು ಗಟ್ಟಿಯಾಯಿತು. ಮುಂದೆ ಒಂದು ಸ್ಥಳದ ಪದ ಬೇಕಿತ್ತು.

‘ಕಟ್ಟೆ’ ನೆನಪಾಯಿತು. ಮರಾಠಿಯಲ್ಲೂ ಕಟ್ಟಾ ಎಂದರೆ ನಾಲ್ಕು ಜನ ಕೂತು ಮಾತಾಡುವ ಜಾಗ. ಆದರೆ ಅದೇ ಕಾವಲುಗಾರ ಈ ಸಲ ಜೋರಾಗಿಯೇ ನಕ್ಕ. ಅವನ ಕಡೆ ಕಟ್ಟಾ ಎಂದರೆ ನಾಡ ಪಿಸ್ತೂಲು.

ಕೊನೆಗೆ ಹೆಸರು ಸಿಕ್ಕಿದ್ದು ವೈನಿಯ ಮೇಲಿನ ಮನೆಯ ಆಜೀಯಿಂದ. ಅವರು ಬಾಲ್ಯದಲ್ಲಿ ಪೇಠೆಯ ವಾಡೆಯೊಂದರಲ್ಲಿ ಬೆಳೆದವರು. ಅವರ ವಾಡೆಗೆ ಬರುತ್ತಿದ್ದ ಡಾಕ್ಟರು ಒಳಗೆ ಬರದೆ ‘ಓಸರಿ’ಯಲ್ಲೇ ಕೂತು ಎಲ್ಲರನ್ನೂ ನೋಡಿ ಹೋಗುತ್ತಿದ್ದರು ಎಂದು ಮಾತಿನ ನಡುವೆ ಹೇಳಿದರು. ಓಸರಿ ಎಂದರೆ ಮನೆಯ ಮುಂಭಾಗದ ತೆರೆದ ಪಡಸಾಲೆ. ಹೊರಗಿನವನು ಚಪ್ಪಲಿ ಬಿಟ್ಟು ಕೂರಬಹುದು, ಒಳಗೆ ಕರೆಯಲೇಬೇಕೆಂದಿಲ್ಲ. ಮೂರಕ್ಷರ, ಒತ್ತಕ್ಷರವಿಲ್ಲ. ಕಾವಲುಗಾರನಿಗೆ ಅದರ ಅರ್ಥ ಗೊತ್ತಿರಲಿಲ್ಲ, ಕೆಟ್ಟ ಅರ್ಥವೂ ಹೊಳೆಯಲಿಲ್ಲ. ಬಡಿಗ ಕೆಲಸದ ಕಲಬುರಗಿಯವರು ‘ಓಸರಿಸು’ ನೆನೆದು, ಬದಿಗೆ ಸರಿದು ನಿಲ್ಲುವ ಜಾಗವೇನ್ರಿ ಎಂದು ಕೇಳಿದರು. ಹೌದೆಂದರೂ ನಡೆಯುತ್ತಿತ್ತು.

ಆಕ್ಷೇಪಣೆ ಎರಡು ಬಂದವು. ಒಂದು ಆಜೀಯದೇ. ಭಟ್ಟನಿಗೆ ಓಸರಿ ಕೊಟ್ಟರೆ ಮೆಲ್ಲಗೆ ಕಾಲು ಚಾಚುತ್ತಾನೆ ಎಂಬ ಮರಾಠಿ ಗಾದೆ ಹೇಳಿ, ಪೇಶಂಟುಗಳು ಎದ್ದೇ ಹೋಗದಿದ್ದರೆ ಎಂದರು. ಇನ್ನೊಂದು ನಿಜವಾಗಿ ಯೋಚಿಸಬೇಕಾದದ್ದು. ಮರಾಠಿಯಲ್ಲಿ ‘ಓಸರಣೆ’ ಎಂದರೆ ಇಳಿಯುವುದು. ನೆರೆ ಓಸರುತ್ತದೆ, ಗರ್ದಿ ಓಸರುತ್ತದೆ, ಊರಿಗೆ ಬಂದ ಸಾಂಕ್ರಾಮಿಕವೂ ಓಸರುತ್ತದೆ. ರೋಗ ಇಳಿಯುತ್ತದೆ ಎಂಬ ಸುಳಿವು ಇದರಲ್ಲಿ ಸೇರಿಕೊಂಡಿತೇ? ಬೆರಳಿನ ಪರೀಕ್ಷೆ ಮಾಡಿ ನೋಡಿದೆ. ‘ಇಲ್ಲಿ ಓಸರಿ ಎಂದು ಬರೆದಿದೆಯಲ್ಲ’ ಎಂದು ಯಾರಾದರೂ ಕೇಳಿದರೆ ಬಾಗಿಲ ಪಕ್ಕದ ಬೆಂಚು ತೋರಿಸಬಹುದು. ಪದ ಹೇಳಿದ್ದು ಅಲ್ಲೇ ಇದೆ. ಮಾಲೀಕರು ಮಾತ್ರ ಗರ್ದಿ ಓಸರುವ ಹೆಸರು ಯಾವ ವ್ಯಾಪಾರಿ ಇಡುತ್ತಾನೆ ಎಂದು ಕೊರಗಿದರು. “ಓಸರಲಿ ಬಿಡ್ರಿ, ಒಳ್ಳೇದೇ ಅಲ್ಲ?” ಎಂದರು ವೈನಿ.

ಬೋರ್ಡು ಹೀಗೆ ಬಂತು. ಮೇಲೆ ದೇವನಾಗರಿಯಲ್ಲಿ ‘ಓಸರಿ ದವಾಖಾನಾ’. ಕೆಳಗೆ ವೈದ್ಯರ ಹೆಸರು, ಪದವಿ, ಫ್ಯಾಮಿಲಿ ಫಿಸಿಷಿಯನ್, ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಮೂಲೆಯಲ್ಲಿ ಕನ್ನಡದಲ್ಲಿ ಅದೇ ಹೆಸರು, ಸಣ್ಣದಾಗಿ. ಬೆಳಗಿನ ಮತ್ತು ಸಂಜೆಯ ಹೊತ್ತು. ಬಣ್ಣದವನು ಕೆಳಗೊಂದು ಘೋಷವಾಕ್ಯಕ್ಕೆ ಜಾಗ ಬಿಟ್ಟಿದ್ದ. ಅದನ್ನು ಖಾಲಿಯೇ ಇಟ್ಟೆವು.

ತೆರೆದ ವಾರದಲ್ಲಿ ಒಂದು ಸಂಜೆ ಹೋಗಿದ್ದೆ. ಬೆಂಚಿನ ಮೇಲೆ ಇಂಡಿ ಕಡೆಯ ಒಬ್ಬ ಮುದುಕಿ ಮೊಮ್ಮಗನ ಜೊತೆ ಕೂತಿದ್ದಳು. ಸರದಿ ಬಂದಾಗ ಕುರ್ಚಿಗೆ ಕೂರುವ ಮೊದಲೇ ಕೇಳಿದಳು:

“ಬಾಯಾರ, ಇಲ್ಲಿ ಶುಗರ್ ಪೂರಾ ಹೋಗ್ತದೇನ್ರಿ?”

“ಹೋಗ್ತದಂತ ನಾ ಹೇಳೂದಿಲ್ಲವ್ವಾ” ಎಂದರು ವೈನಿ. “ಹತೋಟ್ಯಾಗ ಇಡಾಕ ನೋಡೂಣು. ಮೊದಲ ಕುಂದರು. ಕಾಲು ತೋರಸು.”

ಮುದುಕಿ ಒಂದು ಗಳಿಗೆ ಬೋರ್ಡಿನ ಕಡೆ ನೋಡಿದಳು. ಅಲ್ಲಿ ಬೆರಳಿಡುವಂಥದ್ದು ಏನೂ ಇರಲಿಲ್ಲ. ಕೂತು, ಸೀರೆಯ ಅಂಚು ತುಸು ಮೇಲೆತ್ತಿ, ಕಾಲು ಮುಂದೆ ಚಾಚಿದಳು.